ಮನೆಯಿಂದ ಕೆಲಸದ ನಿಯಮ: ಅಂಕದ ಲೆಕ್ಕ ಕೊನೆಗೂ ಕೂಡಿಬಂದದ್ದು

ನಮ್ಮ ಸಪೋರ್ಟ್ ತಂಡಕ್ಕೆ ಮನೆಯಿಂದ ಕೆಲಸದ ನಿಯಮ ಬರೆಯಲು ಕೂತಾಗ ಮ್ಯಾನೇಜರುಗಳು ಹೇಳಿದ್ದು ಒಂದೇ ಮಾತು: "ಕಣ್ಣೆದುರು ಇಲ್ಲದವರಿಗೆ ಅಂಕ ಹಾಕೋದು ಹೇಗೆ?" ಅದಕ್ಕೆ ಉತ್ತರವಾಗಿ ನಾವು ಕಂಡುಕೊಂಡ ಅಂಕದ ಪದ್ಧತಿಯನ್ನು ಈಗ ಪಕ್ಕದ ತಂಡಗಳೂ ಕೇಳಿ ಪಡೆಯುತ್ತಿವೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಣ ಸುರಿದದ್ದು ಚಟುವಟಿಕೆ ಅಳೆಯುವ ಸಾಫ್ಟ್‌ವೇರಿಗೆ. ಅದರ ವಾರ್ಷಿಕ ಲೈಸೆನ್ಸಿನ ದುಡ್ಡಿನಲ್ಲಿ ತಂಡಕ್ಕೆಲ್ಲ ಒಳ್ಳೆಯ ಹೆಡ್‌ಸೆಟ್ ಬರುತ್ತಿತ್ತು. ಗ್ರಾಹಕರ ಜೊತೆ ಮುಕ್ಕಾಲು ಗಂಟೆ ಫೋನಿನಲ್ಲಿದ್ದವರನ್ನು ಅದು 'ಖಾಲಿ ಕೂತವರು' ಎಂದು ತೋರಿಸುತ್ತಿತ್ತು, ಮೌಸ್ ಅಲ್ಲಾಡಿಸುತ್ತಿದ್ದವರಿಗೆ ಹಸಿರು ದೀಪ. ಆಮೇಲೆ ಮುಗಿಸಿದ ಟಿಕೆಟ್‌ಗಳನ್ನು, ಅಂದರೆ ದಾಖಲಾದ ಗ್ರಾಹಕರ ದೂರುಗಳನ್ನು, ಎಣಿಸಿ ನೋಡಿದೆವು. ಎಲ್ಲರೂ ಸುಲಭದ್ದನ್ನು ಹೆಕ್ಕಿಕೊಂಡರು, ಕಷ್ಟದ್ದು ಸಾಲಿನಲ್ಲೇ ಕೊಳೆಯಿತು.

ಕೆಲಸ ಮಾಡಿದ್ದು ತೂಕದ ಲೆಕ್ಕ. ಸುಲಭಕ್ಕೆ 1, ಮಧ್ಯಮಕ್ಕೆ 2, ಕಷ್ಟಕ್ಕೆ 4. ವಾರ ಪೂರ್ತಿ ತೆರೆದೇ ಇರುವ ಟಿಕೆಟ್‌ಗೆ 3 ಕೊಟ್ಟರೆ ಯಾರೂ ಕೈ ಹಾಕುವುದಿಲ್ಲ, 4 ಕೊಟ್ಟ ಮೇಲೆಯೇ ಮುಂದೆ ಬಂದರು. ಮುಚ್ಚಿದ ಟಿಕೆಟ್ 14 ದಿನದೊಳಗೆ ಅದೇ ದೂರಿನಿಂದ ಮತ್ತೆ ತೆರೆದರೆ ಅದರ ತೂಕ ಪೂರ್ತಿ ಕಳೆಯುತ್ತದೆ.

ಒಂದು ತಿಂಗಳ ಲೆಕ್ಕ, ನೆನಪಿನಿಂದ ಹೆಚ್ಚುಕಡಿಮೆ ಹೀಗಿತ್ತು. ಕಚೇರಿಯಲ್ಲಿದ್ದವರೊಬ್ಬರು 120 ಮುಗಿಸಿದ್ದರು: 100 ಸುಲಭ, 20 ಮಧ್ಯಮ, ಒಟ್ಟು 140 ಅಂಕ. ಮನೆಯಲ್ಲಿದ್ದವರು 70 ಮಾತ್ರ: 30 ಸುಲಭ, 25 ಮಧ್ಯಮ, 15 ಕಷ್ಟ. ಅದೂ 140! ಮೊದಲನೆಯವರ 24 ಸುಲಭದ ಟಿಕೆಟ್‌ಗಳು ಮತ್ತೆ ತೆರೆದವು, ಉಳಿದದ್ದು 116. ಎರಡನೆಯವರದ್ದು 4 ಮಧ್ಯಮ ತೆರೆದವು, ಉಳಿದದ್ದು 132. ಬರೀ ಎಣಿಕೆ ನೋಡಿದ್ದರೆ ಎರಡನೆಯವರಿಗೆ ಎಚ್ಚರಿಕೆ ಪತ್ರ ಹೋಗುತ್ತಿತ್ತು.

ಇದು ಹಳ್ಳ ಹಿಡಿಯುವ ಜಾಗ ಒಂದೇ: ತೂಕ ಹಾಕುವವರು ಯಾರು ಎನ್ನುವುದು. ಟಿಕೆಟ್ ಬಿಡಿಸುವವರೇ ಹಾಕಿದರೆ ಎರಡು ವಾರದಲ್ಲಿ ಎಲ್ಲವೂ 'ಕಷ್ಟ' ಆಗಿಬಿಡುತ್ತದೆ. ಕಷ್ಟದ ಪಾಲು ಇದ್ದಕ್ಕಿದ್ದಂತೆ ದುಪ್ಪಟ್ಟಾದರೆ ಅದೇ ಸುಳಿವು. ಹಾಗಾಗಿ ಪಾಳಿಯ ಮೇಲೆ ಒಬ್ಬರು ಬೆಳಿಗ್ಗೆಯೇ, ಕೆಲಸ ಯಾರ ಕೈಗೂ ಹೋಗುವ ಮುಂಚೆ, ತೂಕ ಹಾಕುತ್ತಾರೆ. ಆ ವಾರ ಅವರ ಅಂಕ ಲೆಕ್ಕಕ್ಕಿಲ್ಲ. ನಡುವೆ ಬದಲಿಸಬೇಕಾದರೆ ಕಾರಣವನ್ನು ಟಿಕೆಟ್‌ನಲ್ಲೇ ಬರೆಯಬೇಕು. ಪಾಳಿ ಹಂಚುವುದಕ್ಕೆ ನಮ್ಮದೊಂದು ಉಪಾಯ ಇದೆ, ಅದು ನಮ್ಮಲ್ಲೇ ಇರಲಿ.

ಪಕ್ಕದಲ್ಲೊಂದು ಪ್ರಯೋಗ: ಅಂಕಪಟ್ಟಿಯಿಂದ ಹೆಸರು ತೆಗೆದು, ಕಚೇರಿಯೋ ಮನೆಯೋ ಎನ್ನುವ ಕಾಲಂ ಮುಚ್ಚಿ ಮ್ಯಾನೇಜರುಗಳ ಮುಂದಿಟ್ಟೆವು. ಅವರು ಕೊಟ್ಟ ಶ್ರೇಣಿ ಹಿಂದಿನದಕ್ಕಿಂತ ಸುಮಾರು ಕಾಲು ಭಾಗದಷ್ಟು ಜನರಿಗೆ ಬೇರೆಯಾಯಿತು, ಮೇಲೇರಿದವರಲ್ಲಿ ಹೆಚ್ಚಿನವರು ಮನೆಯಿಂದ ದುಡಿಯುವವರೇ. ಅದಾದ ಮೇಲೆ ಅನುಮಾನದ ಮಾತು ಕಮ್ಮಿಯಾಯಿತು.

ಅರ್ಹತೆಯನ್ನು ವ್ಯಕ್ತಿಗಲ್ಲ, ಕೆಲಸಕ್ಕೆ ಕಟ್ಟಿದ್ದೇವೆ. ವಾರದ ಕೆಲಸ ಪಟ್ಟಿ ಮಾಡಿ, ಯಂತ್ರ ಮುಟ್ಟಲೇಬೇಕಾದದ್ದು, ಮೂಲ ಕಾಗದ ಬೇಕಾದದ್ದು ಎಂದು ಗುರುತು ಹಾಕುತ್ತೇವೆ. ಅವು ಐದರಲ್ಲಿ ಒಂದು ಪಾಲಿಗಿಂತ ಕಮ್ಮಿ ಇದ್ದರೆ ವಾರಕ್ಕೆ ನಾಲ್ಕು ದಿನ ಮನೆ. ಬೇಡ ಎನ್ನುವ ಮ್ಯಾನೇಜರ್ ಯಾವ ಕೆಲಸ ತಡೆಯಾಗುತ್ತದೆ ಎಂದು ಬರೆದು ಕೊಡಬೇಕು. 'ಇನ್ನೂ ನಂಬಿಕೆ ಬಂದಿಲ್ಲ' ಎನ್ನುವುದನ್ನು ಕಾರಣವಾಗಿ ತೆಗೆದುಕೊಳ್ಳುವುದಿಲ್ಲ.

ಸಾಧನದ ವಿಷಯಕ್ಕೆ ಬಂದರೆ, ಲ್ಯಾಪ್‌ಟಾಪ್ ಕಂಪನಿಯದೇ ಇರಬೇಕು, ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬೇಕು, ಸೀರಿಯಲ್ ನಂಬರ್ ರಿಜಿಸ್ಟರಿನಲ್ಲಿ ಏರಬೇಕು. ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದ್ದು ರೂಟರ್‌ನ ಕಥೆ. 'ನೆಟ್ ಹೋಯಿತು' ಎಂಬ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಜದಲ್ಲಿ ಕರೆಂಟ್ ಹೋದದ್ದು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ರೂಟರ್ ಆರುತ್ತದೆ. ರೂಟರಿಗೆ ಚಿಕ್ಕ ಡಿಸಿ ಯುಪಿಎಸ್ ಕೊಟ್ಟೆವು. ಕೊಳ್ಳುವ ಮೊದಲು ಅಡಾಪ್ಟರಿನ ಮೇಲಿನ ವೋಲ್ಟ್ ಓದಿಸಿ, ಫೋಟೊ ತರಿಸಿಕೊಳ್ಳಿ: 12 ವೋಲ್ಟಿನ ಯುಪಿಎಸ್ ಅನ್ನು 9 ವೋಲ್ಟಿನ ರೂಟರಿಗೆ ಚುಚ್ಚಿದರೆ ರೂಟರ್ ಸುಡಬಹುದು. ಫೈಬರ್ ಸಂಪರ್ಕವಿದ್ದಲ್ಲಿ, ಫೈಬರ್ ತಂತಿ ಬಂದು ಸೇರುವ ಓಎನ್‌ಟಿ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಕರೆಂಟ್ ಬೇಕು, ಅದನ್ನು ಮರೆತರೆ ರೂಟರಿನ ದೀಪ ಉರಿಯುತ್ತಿದ್ದರೂ ನೆಟ್ ಇರುವುದಿಲ್ಲ.

ಸಮಯಕ್ಕೆ ಒಂದೇ ಕಟ್ಟು: 11ರಿಂದ 3ರವರೆಗೆ ಎಲ್ಲರೂ ಸಿಗಬೇಕು, ಉಳಿದ ಗಂಟೆ ಅವರವರದು. ಸಂದೇಶಕ್ಕೆ ನಾಲ್ಕು ಕೆಲಸದ ಗಂಟೆಯೊಳಗೆ ಉತ್ತರ, ತುರ್ತು ಇದ್ದರೆ ಫೋನ್.

ಈ ಲೆಕ್ಕ ಟಿಕೆಟ್ ತರಹದ ಕೆಲಸಕ್ಕೆ ಮಾತ್ರ ಹೊಂದುತ್ತದೆ. ಮೂರು ತಿಂಗಳು ಎಳೆಯುವ ವಿನ್ಯಾಸದ ಕೆಲಸಕ್ಕೆ ಹಚ್ಚಿ ನೋಡಿದೆವು, ತಿಂಗಳ ಕೊನೆಗೆ ಅರ್ಧ ತಂಡಕ್ಕೆ ಸೊನ್ನೆ ಬಂತು. ಅಂಥವರಿಗೆ ಎರಡು ವಾರಕ್ಕೊಮ್ಮೆ ಏನು ಸಿದ್ಧವಿರಬೇಕು ಎಂದು ಮುಂಚೆಯೇ ಬರೆದಿಟ್ಟು, ಅದನ್ನಷ್ಟೇ ನೋಡುತ್ತೇವೆ.