ಪಿನ್ ಹಿಂದಿನ ಬೀದಿಗೆ ಬಿದ್ದಿತ್ತು

ಅಕ್ಕನ ಹೊಲಿಗೆ ಅಂಗಡಿಯನ್ನು ಗೂಗಲ್ ಮ್ಯಾಪ್ಸ್‌ಗೆ ಸೇರಿಸಿ ಎರಡು ವಾರ ಆಗಿತ್ತು. ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. "ನೋಡೋ, ಇವತ್ತು ಇದು ಮೂರನೇ ಗಿರಾಕಿ. ಹಿಂದಿನ ಬೀದಿಯಲ್ಲಿ ನಿಂತ್ಕೊಂಡು ಅಂಗಡಿ ಎಲ್ಲಿ ಅಂತ ಕೇಳ್ತಿದ್ದಾರೆ. ಮ್ಯಾಪು ಇಲ್ಲಿಗೇ ಕರ್ಕೊಂಡು ಬಂತು, ಎದುರಿಗೆ ಗೋಡೆ ಬಿಟ್ರೆ ಏನೂ ಇಲ್ಲ ಅಂತಾರೆ."

ಮ್ಯಾಪ್ ತೆರೆದು ನೋಡಿದೆ. ಪಿನ್ ನಮ್ಮ ಕಟ್ಟಡದ ಮೇಲೇ ಇತ್ತು. ಹೆಸರು ಸರಿ, ವಿಳಾಸ ಸರಿ. ಎಲ್ಲಾ ಸರಿ ಇದ್ದರೂ ಜನ ಯಾಕೆ ಹಿಂದಕ್ಕೆ ಹೋಗುತ್ತಿದ್ದಾರೆ ಅಂತ ಮೊದಲು ಅರ್ಥ ಆಗಲಿಲ್ಲ. ಆಮೇಲೆ ನಾನೇ ಗಿರಾಕಿಯ ಹಾಗೆ Directions ಒತ್ತಿ ದಾರಿ ಹಾಕಿಸಿದೆ. ನೀಲಿ ಗೆರೆ ಮುಖ್ಯ ರಸ್ತೆಯನ್ನು ಬಿಟ್ಟು ತಿರುಗಿ, ಹಿಂದಿನ ಓಣಿಯಲ್ಲಿ ಹೋಗಿ ನಿಂತಿತು. ಅಲ್ಲಿಂದ ಪಿನ್‌ವರೆಗೆ ಸಣ್ಣ ಚುಕ್ಕಿಗಳ ಸಾಲು. ಆ ಚುಕ್ಕಿ ಸಾಲು ನೇರವಾಗಿ ಗೋಡೆಯನ್ನು ದಾಟಿ ಹೋಗಿತ್ತು!

ಕಾರಣ ಇಷ್ಟೇ. ದಾರಿ ತೋರಿಸುವಾಗ ಮ್ಯಾಪ್‌ಗೆ ನಮ್ಮ ಬಾಗಿಲು ಯಾವ ಕಡೆ ಇದೆ ಅಂತ ಗೊತ್ತಿರಬೇಕಾಗಿಲ್ಲ. ಸಾಮಾನ್ಯವಾಗಿ ಅದು ಪಿನ್‌ಗೆ ಹತ್ತಿರದ ರಸ್ತೆ ಯಾವುದೋ ಅಲ್ಲಿಗೆ ಕರೆದುಕೊಂಡು ಹೋಗುತ್ತದೆ. ನಾನು ಇಟ್ಟಿದ್ದ ಪಿನ್‌ನಿಂದ ಹಿಂದಿನ ಓಣಿ ನಾಲ್ಕೈದು ಹೆಜ್ಜೆ. ಮುಂದಿನ ರಸ್ತೆ ಅದರ ಮೂರು ಪಟ್ಟು ದೂರ. ಹಾಗಾಗಿ ಓಣಿಯೇ ಗೆದ್ದಿತು. ಕಟ್ಟಡದ ಎರಡೂ ಕಡೆ ರಸ್ತೆ ಇರುವವರು, ಮೂಲೆ ಅಂಗಡಿಯವರು ಇದನ್ನು ಒಮ್ಮೆ ನೋಡಿಕೊಳ್ಳಲೇಬೇಕು. ಪಿನ್ ಕಟ್ಟಡದ ಮೇಲೆ ಇದ್ದರೆ ಸಾಲದು, ಬಾಗಿಲಿನ ಕಡೆಗೆ ಇರಬೇಕು.

ನನ್ನ ತಪ್ಪು ಎಲ್ಲಾಯಿತು ಅಂತ ಹೇಳುತ್ತೇನೆ. ಅಂಗಡಿ ಸೇರಿಸಿದ್ದು ಮನೆಯಲ್ಲಿ ಕೂತು. ಉಪಗ್ರಹದ ಚಿತ್ರ ಹಾಕಿಕೊಂಡು, ಕಟ್ಟಡದ ಚಾವಣಿ ಗುರುತಿಸಿ, ಅದರ ನಡುವೆ ಪಿನ್ ಇಟ್ಟೆ. ಆದರೆ ಆ ಚಿತ್ರ ಎಷ್ಟೋ ಸಲ ಸ್ವಲ್ಪ ಓರೆಯಿಂದ ತೆಗೆದದ್ದಾಗಿರುತ್ತದೆ. ಎತ್ತರದ ಕಟ್ಟಡವಾದರೆ ಚಾವಣಿ ಒಂದು ಕಡೆಗೆ ವಾಲಿದಂತೆ ಕಾಣುತ್ತದೆ, ಬುಡ ಇನ್ನೊಂದು ಕಡೆ ಉಳಿಯುತ್ತದೆ. ನಮ್ಮದು ಮೂರು ಮಹಡಿ. ಚಾವಣಿಯನ್ನು ನಂಬಿದ ನಾನು ಪಿನ್ ಅನ್ನು ಕೆಲವು ಮೀಟರ್ ಹಿಂದಕ್ಕೆ ತಳ್ಳಿಬಿಟ್ಟಿದ್ದೆ.

ಸರಿಮಾಡಲು ಅಂಗಡಿಗೇ ಹೋದೆ. ಒಳಗೆ ನಿಂತು ನೋಡಿದರೆ ನನ್ನ ಜಾಗ ತೋರಿಸುವ ನೀಲಿ ಚುಕ್ಕಿಯ ಸುತ್ತ ದೊಡ್ಡ ತಿಳಿನೀಲಿ ವೃತ್ತ ಇತ್ತು. ಆ ವೃತ್ತ ಅಂದರೆ "ನೀನು ಇದರೊಳಗೆ ಎಲ್ಲೋ ಇದ್ದೀಯ" ಅಂತ ಫೋನ್ ಹೇಳುತ್ತಿದೆ ಅಂತ ಅರ್ಥ. ಕಾಂಕ್ರೀಟ್ ಚಾವಣಿಯ ಕೆಳಗೆ ಜಿಪಿಎಸ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ವೃತ್ತ ಹಿಗ್ಗುತ್ತದೆ. ಹೊರಗೆ ಬಂದು, ಬೋರ್ಡಿನ ಎದುರು, ಆಕಾಶ ಕಾಣುವ ಕಡೆ ಒಂದು ನಿಮಿಷ ಸುಮ್ನೆ ನಿಂತೆ. ವೃತ್ತ ಕುಗ್ಗುತ್ತಾ ಬಂದು ಚುಕ್ಕಿಗೆ ಹತ್ತಿರವಾಯಿತು. ಆಗ ಅಂಗಡಿಯ ಪ್ರೊಫೈಲ್ ತೆರೆದು, ವಿಳಾಸದ ಜೊತೆಗಿರುವ ಪುಟ್ಟ ನಕ್ಷೆಯಲ್ಲಿ ಪಿನ್ ಅನ್ನು ಷಟರ್‌ನ ಜಾಗಕ್ಕೆ ತಂದು ಉಳಿಸಿದೆ. ಬದಲಾವಣೆ ಕೂಡಲೇ ಕಾಣಲಿಲ್ಲ, ಅವರ ಕಡೆಯಿಂದ ಪರಿಶೀಲನೆ ಆಗಬೇಕು. ಕಾಣಿಸಿಕೊಂಡ ದಿನ ಮತ್ತೆ ದಾರಿ ಹಾಕಿಸಿ ನೋಡಿದೆ. ಗೆರೆ ಮುಂದಿನ ರಸ್ತೆಯಲ್ಲೇ ನಿಂತಿತು.

ಅಂಗಡಿ ಸೇರಿಸಿದ ಕತೆಯನ್ನೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ದಾರಿಹೋಕರು ಕೂಡ ಒಂದು ಜಾಗವನ್ನು ಸೇರಿಸಬಹುದು, ಅದಕ್ಕೆ Add place ಇದೆ. ಆದರೆ ಅಂಗಡಿ ನಮ್ಮದೇ ಆಗಿದ್ದರೆ Add your business ದಾರಿ ಹಿಡಿಯುವುದು ಒಳ್ಳೆಯದು. ಆಗ ಸಮಯ, ಫೋನ್ ನಂಬರ್, ಪಿನ್ ಎಲ್ಲಾ ನಮ್ಮ ಕೈಯಲ್ಲಿ ಇರುತ್ತದೆ. ಶುರು ಮಾಡುವ ಮೊದಲು ಅದೇ ಹೆಸರಲ್ಲಿ ಯಾರಾದರೂ ಮೊದಲೇ ಸೇರಿಸಿದ್ದಾರಾ ಅಂತ ಹುಡುಕಿ ನೋಡಿ. ಇದ್ದರೆ ಅದನ್ನೇ ನಮ್ಮದು ಅಂತ ಹೇಳಿ ಪಡೆಯಬೇಕು. ಎರಡನೆಯದನ್ನು ಸೇರಿಸಿದರೆ ಒಂದೇ ಅಂಗಡಿಗೆ ಎರಡು ಪಿನ್ ಆಗುತ್ತದೆ, ಜನ ಯಾವುದನ್ನೋ ಒತ್ತುತ್ತಾರೆ. ಹೆಸರನ್ನು ಬೋರ್ಡ್ ಮೇಲೆ ಇದ್ದ ಹಾಗೇ ಬರೆದೆ. ಹುಡುಕಿದಾಗ ಬೇಗ ಸಿಗಲಿ ಅಂತ ಹೆಸರಿನ ಮುಂದೆ "ಒಳ್ಳೆಯ ಹೊಲಿಗೆ, ಕಡಿಮೆ ದರ" ಅಂತೆಲ್ಲ ಸೇರಿಸುವುದು ಅವರ ನಿಯಮಕ್ಕೆ ವಿರುದ್ಧ. ಅದಕ್ಕಾಗಿ ಲಿಸ್ಟಿಂಗ್ ತಡೆಹಿಡಿಯಬಹುದು ಕೂಡ.

ಆಮೇಲೆ ಅಂಗಡಿ ನಿಜವಾಗಿಯೂ ನಮ್ಮದು ಅಂತ ತೋರಿಸಬೇಕು. ಯಾವ ರೀತಿಯಲ್ಲಿ ಅನ್ನುವುದನ್ನು ಅವರೇ ಹೇಳುತ್ತಾರೆ, ನಮಗೆ ವಿಡಿಯೊ ಕೇಳಿದರು. ಮೊದಲ ಸಲ ನಾನು ಬೋರ್ಡನ್ನು ಒಂದು ಸಲ, ಒಳಗಿನ ಮಷಿನ್‌ಗಳನ್ನು ಇನ್ನೊಂದು ಸಲ ತೆಗೆದು ಜೋಡಿಸಿದ್ದೆ. ಅದು ನಡೆಯುವುದಿಲ್ಲ. ಎಲ್ಲೂ ನಿಲ್ಲಿಸದೆ, ಕತ್ತರಿಸದೆ ಒಂದೇ ಓಟದಲ್ಲಿ ತೆಗೆಯಬೇಕು. ಎರಡನೇ ಸಲ ರಸ್ತೆಯಿಂದ ಶುರು ಮಾಡಿದೆ. ಅಕ್ಕಪಕ್ಕದ ಕಟ್ಟಡಗಳು, ನಮ್ಮ ಬೋರ್ಡ್, ಅಕ್ಕ ಬೀಗ ತೆಗೆದು ಷಟರ್ ಎತ್ತುವುದು, ಒಳಗೆ ಮಷಿನ್, ಕತ್ತರಿಸುವ ಮೇಜು. ಎರಡು ನಿಮಿಷವೂ ಆಗಲಿಲ್ಲ. ಬೀಗ ತೆಗೆಯುವ ಆ ಕ್ಷಣ ಮುಖ್ಯ, ಯಾಕೆಂದರೆ ಬೀಗದ ಕೈ ಇರುವವರೇ ಅಂಗಡಿಯವರು ಅಲ್ವಾ. ಅಕ್ಕನ ಮುಖ ಬರದಂತೆ ಕೈ ಮಾತ್ರ ತೋರಿಸಿದೆ.

ಪಿನ್ ಸರಿಯಾಯಿತು ಅಂತ ನೆಮ್ಮದಿಯಾಗಿದ್ದಾಗ ನನ್ನ ಫೋನೇ ಒಂದು ದಿನ ನನ್ನನ್ನು ಹಳೆಯ ಜಾಗಕ್ಕೆ ಕರೆದೊಯ್ದಿತು. ಅಂಗಡಿಯ ಕಡೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ ಅಂತ ಆ ಭಾಗದ ನಕ್ಷೆಯನ್ನು ಆಫ್‌ಲೈನ್ ಆಗಿ ಇಳಿಸಿಕೊಂಡಿದ್ದೆ. ಅದನ್ನು ಇಳಿಸಿದ್ದು ಪಿನ್ ಸರಿಮಾಡುವ ಮೊದಲು. ಆಫ್‌ಲೈನ್ ನಕ್ಷೆ ಅಂದರೆ ಇಳಿಸಿದ ದಿನದ ಒಂದು ಪ್ರತಿ. ಆಮೇಲೆ ಆದ ಬದಲಾವಣೆ ಅದಕ್ಕೆ ತಾನಾಗಿ ಆಗಲೇ ಬಂದುಬಿಡುವುದಿಲ್ಲ. ಮೇಲಿನ ನನ್ನ ಫೋಟೊ ಒತ್ತಿ Offline maps ಗೆ ಹೋಗಿ, ಆ ನಕ್ಷೆಯ ಪಕ್ಕದ ಮೂರು ಚುಕ್ಕಿ ಒತ್ತಿ Update ಕೊಟ್ಟೆ. ಅಲ್ಲಿಗೆ ಹೊಸ ಪಿನ್ ಬಂತು. ಇಳಿಸಿದ ನಕ್ಷೆಗೆ ಅವಧಿಯೂ ಇರುತ್ತದೆ, ಆ ತಾರೀಖು ಅದೇ ಪಟ್ಟಿಯಲ್ಲಿ ಕಾಣುತ್ತದೆ. ವೈಫೈ ಸಿಕ್ಕಾಗ ಫೋನ್ ತಾನೇ ಹೊಸದು ಮಾಡಿಕೊಳ್ಳಲು ನೋಡುತ್ತದೆ. ವೈಫೈ ಬಳಸದವರು ಮಾತ್ರ ಕೈಯಾರೆ ಮಾಡಬೇಕು.

ಈ ಎಲ್ಲ ಕಲಿಕೆ ಒಟ್ಟಿಗೆ ಕೆಲಸಕ್ಕೆ ಬಂದದ್ದು ಹೊಸ ಹೊಲಿಗೆ ಮಷಿನ್ ಬರುವ ದಿನ. ಅದು ಬರುತ್ತಿದ್ದದ್ದು ಸಣ್ಣ ಲಾರಿಯಲ್ಲಿ, ಸುಮಾರು ಮೂರು ಗಂಟೆಯ ದಾರಿ, ನಡುವೆ ಒಂದು ಕಡೆ ನೆಟ್‌ವರ್ಕ್ ಇಲ್ಲವೇ ಇಲ್ಲ. ಡ್ರೈವರ್ ಈ ದಾರಿಗೆ ಹೊಸಬರು. ಹಿಂದಿನ ಸಂಜೆ ಫೋನ್ ಮಾಡಿ, "ಅಣ್ಣಾ, ಲೊಕೇಶನ್ ಕಳಿಸಿ" ಅಂದರು.

ನಾನು ಲೈವ್ ಲೊಕೇಶನ್ ಕಳಿಸಲಿಲ್ಲ. ಅಂಗಡಿ ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಲೈವ್ ಯಾಕೆ? ನಾನು ಮನೆಯಲ್ಲಿದ್ದರೆ ಅವರು ಮನೆಗೆ ಬರುತ್ತಾರೆ, ನಾನು ಹೊರಗೆ ಹೋದರೆ ನನ್ನ ಹಿಂದೆ ಬರುತ್ತಾರೆ. ಅಂಗಡಿಯ ಪಿನ್ ತೆರೆದು Share ಒತ್ತಿ ಆ ಲಿಂಕ್ ಕಳಿಸಿದೆ. ಚಲಿಸುವವರು ಅವರು, ಹಾಗಾಗಿ ಲೈವ್ ಅವರು ಹಾಕಬೇಕು. "ಹೊರಡುವಾಗ ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಾಕಿ, 8 ಗಂಟೆ ಅಂತ ಕೊಡಿ" ಅಂದೆ. ಅಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರೇ ಆಯ್ಕೆ. ಮೂರು ಗಂಟೆಯ ದಾರಿಗೆ 1 ಗಂಟೆ ಕೊಟ್ಟರೆ ನಡುದಾರಿಯಲ್ಲಿ ನಿಂತುಹೋಗುತ್ತದೆ, ಓಡಿಸುತ್ತಿರುವವರಿಗೆ ಅದು ಗೊತ್ತೂ ಆಗುವುದಿಲ್ಲ.

ನೆಟ್‌ವರ್ಕ್ ಇಲ್ಲದ ಭಾಗಕ್ಕೆ ಅವರಿಂದಲೂ ನಕ್ಷೆ ಇಳಿಸಿಸಿದೆ. Offline maps ಒಳಗೆ Select your own map ಒತ್ತಿದರೆ ಒಂದು ಚೌಕಟ್ಟು ಬರುತ್ತದೆ. ಹೆಚ್ಚಿನವರು ಅದರೊಳಗೆ ತಲುಪುವ ಊರನ್ನು ಮಾತ್ರ ಇಡುತ್ತಾರೆ. ಆಗ ನೆಟ್ ಇಲ್ಲದಿರುವಾಗ ದಾರಿ ಹಾಕಲು ಆಗುವುದಿಲ್ಲ. ಹೊರಡುವ ಜಾಗ, ತಲುಪುವ ಜಾಗ, ನಡುವಿನ ರಸ್ತೆ ಎಲ್ಲವೂ ಚೌಕಟ್ಟಿನ ಒಳಗೆ ಬರಬೇಕು. ಎಷ್ಟು ಜಾಗ ಹಿಡಿಯುತ್ತದೆ ಅಂತ ಕೆಳಗೇ ತೋರಿಸುತ್ತದೆ. ಇಳಿಸಿದ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಅಂಗಡಿಗೆ ದಾರಿ ಹುಡುಕಿ ನೋಡಿ ಅಂದೆ. ದಾರಿ ಬಂತು. ನೀಲಿ ಚುಕ್ಕಿಯೂ ಇತ್ತು. ಅವರಿಗೆ ಆಶ್ಚರ್ಯ ಆಯಿತು. ಜಿಪಿಎಸ್‌ಗೆ ನೆಟ್ ಬೇಡ, ಫೋನ್ ಉಪಗ್ರಹದ ಸಿಗ್ನಲ್ ಕೇಳಿಸಿಕೊಂಡು ತನ್ನ ಜಾಗ ತಾನೇ ಲೆಕ್ಕ ಹಾಕುತ್ತದೆ. ನೆಟ್ ಬೇಕಾಗುವುದು ನಕ್ಷೆ ತರಲು ಮಾತ್ರ, ಅದು ಮೊದಲೇ ಇಳಿದಿತ್ತು. ಟ್ರಾಫಿಕ್ ಎಷ್ಟಿದೆ ಅನ್ನುವುದು ಆಫ್‌ಲೈನ್‌ನಲ್ಲಿ ಸಿಗುವುದಿಲ್ಲ. ನಡೆದುಕೊಂಡು ಹೋಗುವ ದಾರಿಯನ್ನೂ ತೋರಿಸುವುದಿಲ್ಲ, ಗಾಡಿಯ ದಾರಿ ಮಾತ್ರ.

ಮರುದಿನ ಬೆಳಿಗ್ಗೆ ಚುಕ್ಕಿ ಹೊರಟಿತು. ಒಂದು ಗಂಟೆ ಚೆನ್ನಾಗಿ ಬಂತು. ಆಮೇಲೆ ಒಂದು ತಿರುವಿನಲ್ಲಿ ನಿಂತುಬಿಟ್ಟಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅಕ್ಕನಿಗೆ ಗಾಬರಿ, ಗಾಡಿ ಕೆಟ್ಟಿತೇನೋ ಅಂತ. ಆಗ ನೋಡಬೇಕಾದದ್ದು ಚುಕ್ಕಿಯನ್ನಲ್ಲ, ಅದರ ಜೊತೆ ಬರೆದಿರುವ ಸಮಯವನ್ನು. ಕೊನೆಯ ಸಲ ಹೊಸದಾದದ್ದು 20 ನಿಮಿಷದ ಹಿಂದೆ ಅಂತಿತ್ತು. ಅಂದರೆ ಗಾಡಿ ನಿಂತಿಲ್ಲ, ಸುದ್ದಿ ಬರುವುದು ನಿಂತಿದೆ. ಸಮಯ ಈಗಷ್ಟೇ ಅಂತ ಇದ್ದು ಚುಕ್ಕಿ ಕದಲದಿದ್ದರೆ ಗಾಡಿಯೇ ನಿಂತಿದೆ ಅಂತ ತಿಳಿಯಬಹುದು. ಚುಕ್ಕಿ ನಿಂತ ಜಾಗವೂ ನೆಟ್‌ವರ್ಕ್ ಇಲ್ಲದ ಭಾಗದ ಶುರುವಿನಲ್ಲೇ ಇತ್ತು. ಲೈವ್ ಲೊಕೇಶನ್‌ಗೆ ಕಳಿಸುವವರ ಕಡೆ ನೆಟ್ ಬೇಕೇ ಬೇಕು, ಆಫ್‌ಲೈನ್ ನಕ್ಷೆ ಅದಕ್ಕೆ ಸಹಾಯ ಮಾಡುವುದಿಲ್ಲ. ಫೋನ್ ಮಾಡಿ ತೊಂದರೆ ಕೊಡಬೇಡ ಅಂತ ಅಕ್ಕನಿಗೆ ಹೇಳಿದೆ.

ನಲವತ್ತು ನಿಮಿಷವಾದ ಮೇಲೆ ಚುಕ್ಕಿ ಒಮ್ಮೆಲೇ ಹಾರಿ ಎಷ್ಟೋ ಮುಂದೆ ಕಾಣಿಸಿತು. ಅಷ್ಟು ಹೊತ್ತು ಡ್ರೈವರ್ ಇಳಿಸಿದ ನಕ್ಷೆಯಲ್ಲೇ ದಾರಿ ನೋಡಿಕೊಂಡು ಓಡಿಸುತ್ತಿದ್ದರು. ಒಂದು ತಿರುವೂ ತಪ್ಪಿರಲಿಲ್ಲ.

ಚುಕ್ಕಿ ನಮ್ಮ ರಸ್ತೆಗೆ ಬಂದಾಗ ನಾನು ಹೊರಗೆ ಹೋಗಿ ನಿಂತೆ. ಲಾರಿ ಹಿಂದಿನ ಓಣಿಗೆ ತಿರುಗಲಿಲ್ಲ. ನೇರ ಬಂದು ಷಟರ್ ಎದುರಿಗೇ ನಿಂತಿತು. ಮಷಿನ್ ಇಳಿಸುವ ಮೊದಲು ನಾನೇ ಡ್ರೈವರ್‌ಗೆ ನೆನಪಿಸಿದೆ, "ಲೈವ್ ಲೊಕೇಶನ್ ಆಫ್ ಮಾಡ್ಬಿಡಿ, ಇನ್ನೂ ಐದು ಗಂಟೆ ಬಾಕಿ ಇದೆ." ಅವರು ಚಾಟ್ ತೆರೆದು Stop sharing ಒತ್ತಿದರು. ನನ್ನ ಫೋನಿನಲ್ಲಿ ಅವರ ಚುಕ್ಕಿ ಮಾಯವಾಯಿತು.