ಬ್ಯಾಂಕ್ ಅಂದ್ರೆ ಯಾವ ಬ್ಯಾಂಕ್? ವಾಚನಾಲಯದ ಕಂಪ್ಯೂಟರ್ ತಿರುಗಿ ಕೇಳುವಂತೆ ಮಾಡುವುದು ಹೇಗೆ

ಧಾರವಾಡದ ಸಪ್ತಾಪುರದಂಥ ಕಡೆ ಕೋಚಿಂಗ್ ಸೆಂಟರಿನ ಮಗ್ಗುಲಿಗೇ ಒಂದು ವಾಚನಾಲಯ ಇರುತ್ತದೆ. ಅಲ್ಲಿನ ಕಂಪ್ಯೂಟರಿನಲ್ಲಿ ‘ಬ್ಯಾಂಕ್’ ಎಂದು ಟೈಪ್ ಮಾಡಿದರೆ ಏನು ಬರಬೇಕು? ಒಬ್ಬನಿಗೆ ಬ್ಯಾಂಕ್ ಪರೀಕ್ಷೆಯ ಗೈಡ್ ಬೇಕು. ಪಿಯುಸಿ ಹುಡುಗಿಗೆ ಬೇಕಿರುವುದು ಕ್ವೆಶ್ಚನ್ ಬ್ಯಾಂಕ್. ಎಂ.ಕಾಂ. ಓದುವವರಿಗೆ ಬ್ಯಾಂಕಿಂಗ್ ಪಠ್ಯಪುಸ್ತಕ. ಮೂವರೂ ಟೈಪ್ ಮಾಡುವುದು ಅದೇ ಒಂದು ಪದ. ಹೀಗಾಗಿ ಮೂವರಿಗೂ ಅದೇ ಕಲಸುಮೇಲೋಗರದ ಪಟ್ಟಿ ಬರುತ್ತದೆ.

ಇದಕ್ಕೆ ದೊಡ್ಡ ತಂತ್ರಜ್ಞಾನ ಏನೂ ಬೇಕಿಲ್ಲ. ಪಟ್ಟಿಯ ಮೇಲೆ ‘ನಿಮಗೆ ಬೇಕಾದ್ದು ಯಾವುದು?’ ಎಂದು ಎರಡು ಮೂರು ಆಯ್ಕೆ ಕೊಟ್ಟರೆ ಸಾಕು. ಪುಸ್ತಕಗಳ ವರ್ಗ ಸಂಖ್ಯೆ ಇರುವ ಕ್ಯಾಟಲಾಗ್ ಮತ್ತು ಓದುಗರು ಟೈಪ್ ಮಾಡಿದ ಪದಗಳ ಒಂದೆರಡು ತಿಂಗಳ ದಾಖಲೆ ನಿಮ್ಮ ಹತ್ತಿರ ಇರಬೇಕು, ಅಷ್ಟೇ.

ಮೊದಲು, ಯಾವ ಪದಕ್ಕೆ ಕೇಳಬೇಕು ಎಂದು ಹುಡುಕಿ

ನಿಘಂಟು ಹಿಡಿದು ಕೂರಬೇಡಿ. ನಿಘಂಟಿನಲ್ಲಿ ಎಷ್ಟೋ ಪದಗಳಿಗೆ ಎರಡು ಅರ್ಥ ಇರುತ್ತವೆ. ಜನ ನಿಜಕ್ಕೂ ಟೈಪ್ ಮಾಡಿದ ಒಂಟಿ ಪದಗಳನ್ನು ತೆಗೆದುಕೊಂಡು, ಒಂದೊಂದಕ್ಕೂ ಸಿಕ್ಕ ಪುಸ್ತಕಗಳ ವರ್ಗ ಸಂಖ್ಯೆ ನೋಡಿ. ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕಂಪ್ಯೂಟರ್ ಭಾಷೆಗಳು 005.133ರಲ್ಲಿ ಬರುತ್ತವೆ, ಹಾವುಗಳು 597.96ರಲ್ಲಿ. ‘ಪೈಥಾನ್’ ಎಂಬ ಒಂದೇ ಪದಕ್ಕೆ ಇಷ್ಟು ದೂರದ ಎರಡು ಕಪಾಟುಗಳಿಂದ ಪುಸ್ತಕ ಬಂದರೆ ಅಲ್ಲಿ ಎರಡು ಅರ್ಥ ಇದೆ ಅಂತಲೇ ಲೆಕ್ಕ. ಪುಸ್ತಕಕ್ಕೆ ಸಂಖ್ಯೆ ಬರೆದ ಗ್ರಂಥಪಾಲಕರು ಅರ್ಥವನ್ನು ಆಗಲೇ ಬೇರೆ ಮಾಡಿಟ್ಟಿದ್ದಾರೆ. ನಾವು ಅದನ್ನು ಓದಿಕೊಂಡರಾಯಿತು.

ಆದರೆ ‘ಬ್ಯಾಂಕ್’ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬ್ಯಾಂಕಿಂಗ್ ಪಠ್ಯಗಳು 332.1ರಲ್ಲಿ ಒಟ್ಟಿಗೆ ಸಿಗುತ್ತವೆ, ಸರಿ. ಕ್ವೆಶ್ಚನ್ ಬ್ಯಾಂಕ್ ಮಾತ್ರ ಆಯಾ ವಿಷಯದ ಜೊತೆ ಹೋಗುತ್ತದೆ: ಭೌತಶಾಸ್ತ್ರದ್ದು 530ರಲ್ಲಿ, ಗಣಿತದ್ದು 510ರಲ್ಲಿ. ಇಲ್ಲಿ ಸಂಖ್ಯೆ ಬಿಟ್ಟು ಪಕ್ಕದ ಪದ ನೋಡಬೇಕು. ಶೀರ್ಷಿಕೆಯಲ್ಲಿ ‘ಬ್ಯಾಂಕ್’ ಹಿಂದೆಯೇ ‘ಕ್ವೆಶ್ಚನ್’ ಅಥವಾ ‘ಪ್ರಶ್ನೆ’ ಇದ್ದರೆ ಅದು ಬೇರೆ ಗುಂಪು. ‘ಪಿಓ’, ‘ಕ್ಲರ್ಕ್’ ಇದ್ದರೆ ಪರೀಕ್ಷೆಯ ಗುಂಪು. ಪಕ್ಕದ ಪದವೊಂದು ಗೊತ್ತಾದರೆ ಹೆಚ್ಚಿನ ಸಲ ಅರ್ಥ ಒಂದೇ ಉಳಿಯುತ್ತದೆ ಎಂದು ಡೇವಿಡ್ ಯರೋವ್ಸ್ಕಿ ಎಂಬ ಭಾಷಾ ಸಂಶೋಧಕ 1993ರಲ್ಲೇ ತೋರಿಸಿದ್ದರು. ಓದುಗ ತಾನೇ ಎರಡು ಪದ ಟೈಪ್ ಮಾಡಿದ್ದರೂ ಇದೇ ಮಾತು. ‘ಬ್ಯಾಂಕ್ ಕ್ಲರ್ಕ್’ ಎಂದವನನ್ನು ಮತ್ತೆ ಯಾವ ಬ್ಯಾಂಕ್ ಎಂದು ಕೇಳಿದರೆ ಸಿಟ್ಟು ಬರುತ್ತದೆ, ಅಲ್ವಾ?

ಲಿಪಿಯೂ ಒಂದು ಸುಳಿವು. ಇಂಗ್ಲಿಷಿನಲ್ಲಿ bank ಎಂದರೆ ನದಿಯ ದಂಡೆಯೂ ಹೌದು. ಸಿವಿಲ್ ಎಂಜಿನಿಯರಿಂಗ್ ಹುಡುಗರು ದಂಡೆಯ ಕೊರೆತದ ಪುಸ್ತಕ ಹುಡುಕುವುದು ಹೀಗೆಯೇ. ಕನ್ನಡ ಲಿಪಿಯಲ್ಲಿ ‘ಬ್ಯಾಂಕ್’ ಎಂದು ಬರೆದವರು ಯಾರೂ ತುಂಗಭದ್ರೆಯ ದಂಡೆ ಹುಡುಕುತ್ತಿರುವುದಿಲ್ಲ. ಹಾಗಾಗಿ ಆ ಆಯ್ಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದಾಗ ಮಾತ್ರ ತೋರಿಸಿ.

ಆಮೇಲೆ, ಆಯ್ಕೆಗಳನ್ನು ಬರೆದಿಡಿ

ಒಂದು ಸಾದಾ ಫೈಲ್ ಸಾಕು. ಮೊದಲು ಟೈಪ್ ಮಾಡುವ ಪದ, ನಂತರ ಗುರುತು ಅಂದರೆ ಶೀರ್ಷಿಕೆಯ ಪದ ಇಲ್ಲವೇ ವರ್ಗ ಸಂಖ್ಯೆ, ಕೊನೆಗೆ ತೆರೆಯ ಮೇಲೆ ಕಾಣುವ ಹೆಸರು:

```
ಬ್ಯಾಂಕ್,title:ಕ್ಲರ್ಕ್|ಪಿಓ,ಬ್ಯಾಂಕ್ ಪರೀಕ್ಷೆ
ಬ್ಯಾಂಕ್,title:ಪ್ರಶ್ನೆ|ಕ್ವೆಶ್ಚನ್,ಕ್ವೆಶ್ಚನ್ ಬ್ಯಾಂಕ್
ಬ್ಯಾಂಕ್,class:332.1,ಬ್ಯಾಂಕಿಂಗ್ ಪಠ್ಯ
bank,class:627,ನದಿ ದಂಡೆ
```

ನಿಮ್ಮ ಕಪಾಟಿನಲ್ಲಿ ಇರುವ ಅರ್ಥಗಳನ್ನಷ್ಟೇ ಬರೆಯಿರಿ. ಪೈಥಾನ್ ಭಾಷೆಗೆ ಹೆಸರು ಬಂದದ್ದು ಹಾವಿನಿಂದ ಅಲ್ಲ, ಬ್ರಿಟಿಷ್ ಹಾಸ್ಯ ತಂಡವೊಂದರಿಂದ. ಕೇಳಲು ಮಜವಾಗಿದೆ. ಆದರೆ ಆ ತಂಡದ ಬಗ್ಗೆ ಒಂದೂ ಪುಸ್ತಕ ಇಲ್ಲದ ಕಡೆ ಮೂರನೇ ಆಯ್ಕೆ ಕೊಟ್ಟರೆ ಒತ್ತಿದವರಿಗೆ ಖಾಲಿ ಪುಟ ಸಿಗುತ್ತದೆ.

ಹೆಸರು ಇಡುವುದರಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ‘ಜೋಳ’ವನ್ನೇ ನೋಡಿ. ಗದಗಿನ ಹುಡುಗನಿಗೆ ಜೋಳ ಅಂದರೆ ರೊಟ್ಟಿಯ ಜೋಳ. ಕೃಷಿ ವಿಶ್ವವಿದ್ಯಾಲಯದಲ್ಲಿ ಓದಲು ಮೈಸೂರು ಕಡೆಯಿಂದ ಬಂದವಳಿಗೆ ಅದು ಎಷ್ಟೋ ಸಲ ಮುಸುಕಿನ ಜೋಳ. ಅದನ್ನೇ ಹಾವೇರಿಯವರು ಗೋವಿನಜೋಳ ಎನ್ನುತ್ತಾರೆ, ಪುಸ್ತಕದ ಮೇಲೆ ಮೆಕ್ಕೆಜೋಳ ಎಂದಿರುತ್ತದೆ. ಇಲ್ಲಿ ‘ಜೋಳ 1’, ‘ಜೋಳ 2’ ಎಂದರೆ ಯಾರಿಗೂ ತಿಳಿಯದು. ಶಾಸ್ತ್ರೀಯ ಹೆಸರು ಹಾಕಿದರೂ ಅಷ್ಟೇ. ‘ಬಿಳಿಜೋಳ, ರೊಟ್ಟಿಯದು’ ಮತ್ತು ‘ಗೋವಿನಜೋಳ, ಮೆಕ್ಕೆಜೋಳ, ಮುಸುಕಿನ ಜೋಳ’ ಎಂದು ಬರೆಯಿರಿ. ಸಾಲು ಉದ್ದವಾದರೂ ಪರವಾಗಿಲ್ಲ. ಯಾವ ಊರಿನವರಾದರೂ ತಮ್ಮ ಪದ ನೋಡಿದ ಕೂಡಲೇ ಒತ್ತುತ್ತಾರೆ.

ಯಾವಾಗ ಕೇಳಬೇಕು, ಯಾವಾಗ ಸುಮ್ಮನಿರಬೇಕು

ನೂರು ಜನ ‘ಪೈಥಾನ್’ ಟೈಪ್ ಮಾಡಿ, ತೊಂಬತ್ತೈದು ಜನ ಕಂಪ್ಯೂಟರ್ ಪುಸ್ತಕವನ್ನೇ ತೆರೆದಿದ್ದಾರೆ ಎಂದಿಟ್ಟುಕೊಳ್ಳಿ. ಆಗ ಕೇಳುವ ಅಗತ್ಯ ಇಲ್ಲ. ಕಂಪ್ಯೂಟರ್ ಪುಸ್ತಕಗಳನ್ನೇ ತೋರಿಸಿ, ಮೇಲೆ ಸಣ್ಣಗೆ ‘ಹೆಬ್ಬಾವಿನ ಬಗ್ಗೆ ಬೇಕೇ?’ ಎಂಬ ಒಂದು ಸಾಲು ಇಡಿ. ‘ಬ್ಯಾಂಕ್’ಗೆ ಐವತ್ತು, ಮೂವತ್ತು, ಇಪ್ಪತ್ತು ಎಂದು ಹಂಚಿಹೋಗಿದ್ದರೆ ಮೂರೂ ಆಯ್ಕೆಗಳನ್ನು ಎದ್ದು ಕಾಣುವಂತೆ ಕೊಡಿ. ಹೆಚ್ಚು ಜನ ಒತ್ತುವುದು ಮೊದಲು ಬರಲಿ. ಪರೀಕ್ಷೆಯ ಅಧಿಸೂಚನೆ ಬಂದ ತಿಂಗಳಲ್ಲಿ ಈ ಲೆಕ್ಕ ಬದಲಾಗುತ್ತದೆ, ಆದ್ದರಿಂದ ಆಗಾಗ ಮತ್ತೆ ಎಣಿಸಿ.

ಎರಡೂ ಸಂದರ್ಭದಲ್ಲಿ ಪುಸ್ತಕದ ಪಟ್ಟಿ ಕೆಳಗೆ ಕಾಣುತ್ತಲೇ ಇರಬೇಕು. ಉತ್ತರ ಕೊಡುವ ತನಕ ಬಾಗಿಲು ಹಾಕಿ ನಿಲ್ಲಿಸುವ ಪೆಟ್ಟಿಗೆ ನನಗಂತೂ ಸರಿಬರುವುದಿಲ್ಲ. ನಾಲ್ಕಕ್ಕಿಂತ ಹೆಚ್ಚು ಆಯ್ಕೆ ಇದ್ದರೆ ಜನ ಓದುವುದೂ ಇಲ್ಲ.

ಒಮ್ಮೆ ಆರಿಸಿದ್ದನ್ನು ಆ ಓದುಗ ಕೂತಿರುವಷ್ಟು ಹೊತ್ತು ನೆನಪಿಡಿ. ಪೈಥಾನ್ ಭಾಷೆ ಆರಿಸಿದವನು ‘ಜಾವಾ’ ಎಂದರೆ ದ್ವೀಪ ಹುಡುಕುತ್ತಿರುವ ಸಾಧ್ಯತೆ ಕಡಿಮೆ. ಆದರೆ ವಾಚನಾಲಯದ ಕಂಪ್ಯೂಟರ್ ಹತ್ತು ಜನರದ್ದು. ಅವನು ಎದ್ದುಹೋದ ಮೇಲೆ ಬಂದ ಜೀವಶಾಸ್ತ್ರದ ಹುಡುಗಿಗೆ ಹೆಬ್ಬಾವು ಸಿಗದೇ ಹೋಗುತ್ತದೆ, ಯಾಕೆ ಅಂತ ಅವಳಿಗೆ ತಿಳಿಯುವುದೂ ಇಲ್ಲ. ಎರಡು ಮೂರು ನಿಮಿಷ ಕೀಲಿ ಒತ್ತದಿದ್ದರೆ ನೆನಪು ಅಳಿಸಿಹೋಗುವಂತೆ ಮಾಡಿ. ಆರಿಸಿದ ಅರ್ಥವನ್ನು ತೆರೆಯ ಮೇಲೆ ಬರೆದು, ಪಕ್ಕದಲ್ಲಿ ‘ತೆಗೆದುಹಾಕು’ ಎಂಬ ಗುಂಡಿಯನ್ನೂ ಇಡಿ.

ಕೆಟ್ಟಿದ್ದು ಗೊತ್ತಾಗುವುದು ಹೇಗೆ

ದಾಖಲೆಯೇ ಹೇಳುತ್ತದೆ. ಆಯ್ಕೆಗಳನ್ನು ಮುಟ್ಟದೆ ಜನ ಅದೇ ಪದಕ್ಕೆ ಇನ್ನೊಂದು ಪದ ಸೇರಿಸಿ ಮತ್ತೆ ಹುಡುಕುತ್ತಿದ್ದರೆ ನೀವಿಟ್ಟ ಹೆಸರು ಅವರಿಗೆ ತಿಳಿದಿಲ್ಲ. ಅವರು ಸೇರಿಸಿದ ಪದವನ್ನೇ ಹೆಸರಾಗಿ ಇಡಿ. ಎಲ್ಲರೂ ಒಂದನ್ನೇ ಒತ್ತುತ್ತಿದ್ದರೆ ಕೇಳುವುದನ್ನು ಬಿಡಿ.

ಕನ್ನಡಕ್ಕೆ ಇನ್ನೊಂದು ತೊಡಕು ಇದೆ. ‘ಹತ್ತಿ’ ಎಂದು ಹುಡುಕಿದರೆ ಬೆಳೆಯ ಜೊತೆಗೆ ‘ಬೆಟ್ಟ ಹತ್ತಿ’ ಬರೆದ ಪ್ರವಾಸ ಕಥನವೂ ಬರುತ್ತದೆ. ‘ಹತ್ತಿಯ’, ‘ಹತ್ತಿಗೆ’ ಎಂದಿದ್ದರೆ ಅದು ಬೆಳೆಯೇ, ‘ಹತ್ತಿದ’ ಎಂದಿದ್ದರೆ ಕ್ರಿಯಾಪದ. ಆದ್ದರಿಂದ ಹುಡುಕುವಾಗ ಪ್ರತ್ಯಯ ಕತ್ತರಿಸಿ ಬಿಸಾಡುವ ಮೊದಲು ಅದನ್ನು ಒಮ್ಮೆ ನೋಡಿ. ಬರೀ ‘ಹತ್ತಿ’ ಎಂದಷ್ಟೇ ಇದ್ದಾಗ ಮಾತ್ರ ಕೇಳಿ.

ಆಯ್ಕೆಗಳ ಕೊನೆಗೆ ‘ಇವು ಯಾವುವೂ ಅಲ್ಲ’ ಎಂಬ ಗುಂಡಿ ಇರಲಿ. ಅದನ್ನು ಒತ್ತಿದವರು ಮುಂದೆ ಏನು ಟೈಪ್ ಮಾಡಿದರು ಎಂದು ವಾರಕ್ಕೊಮ್ಮೆ ಓದಿ. ‘ಬ್ಯಾಂಕ್’ ಆದಮೇಲೆ ನಾಲ್ಕಾರು ಜನ ‘ಬ್ಲಡ್’ ಎಂದು ಟೈಪ್ ಮಾಡಿದ್ದರೆ, ನರ್ಸಿಂಗ್ ಪುಸ್ತಕಗಳ ಕಪಾಟು ನೋಡಿ ಫೈಲಿಗೆ ಐದನೇ ಸಾಲು ಸೇರಿಸಿ.