ಅಂಕಪಟ್ಟಿಯ ಷರಾ: ಗುಣವಾಚಕ ಬಿಡಿ, ಕ್ರಿಯಾಪದ ಬರೆಯಿರಿ

ಷರಾ ಬರೆಯುವಾಗ ಹಾಜರಿ ಪುಸ್ತಕದ ಬದಲು ಮಕ್ಕಳ ನೋಟ್‌ಪುಸ್ತಕಗಳನ್ನು ಎದುರಿಗಿಟ್ಟುಕೊಳ್ಳಿ. ಮಗು ಹೇಗಿದೆ ಎನ್ನುವುದನ್ನು ಬಿಟ್ಟು, ಏನು ಮಾಡುತ್ತದೆ, ಎಲ್ಲಿ ಎಡವುತ್ತದೆ, ಮುಂದೆ ಏನು ಮಾಡಬೇಕು ಎಂಬ ಮೂರನ್ನೇ ಬರೆಯಿರಿ. ‘ಜಾಣೆ, ಗಣಿತದಲ್ಲಿ ಸುಧಾರಿಸಬೇಕು’ ಎಂಬುದು ಅರ್ಧ ತರಗತಿಗೆ ಹೊಂದುತ್ತದೆ. ಅದರ ಬದಲು: ‘ಭಿನ್ನರಾಶಿಗಳನ್ನು ಚಿತ್ರ ಬರೆದು ಸರಿಯಾಗಿ ಹೋಲಿಸುತ್ತಾಳೆ. ಸಂಕಲನದಲ್ಲಿ ಛೇದಗಳು ಬೇರೆಯಾಗಿದ್ದರೆ ಅವನ್ನೂ ಕೂಡಿಬಿಡುತ್ತಾಳೆ. ಮೊದಲು ಛೇದ ಸಮ ಮಾಡಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು.’ ಗುಣವಾಚಕಗಳು ಬೆರಳೆಣಿಕೆಯಷ್ಟು, ಬೇಗ ಮುಗಿಯುತ್ತವೆ. ಮಕ್ಕಳು ಮಾಡುವ ಕೆಲಸ ಮಾತ್ರ ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ತಪ್ಪು ಮಗುವಿನ ಸ್ವಭಾವಕ್ಕೆ ಅಂಟದೆ ಒಂದು ಲೆಕ್ಕಕ್ಕೆ ಮಾತ್ರ ಅಂಟುವುದರಿಂದ, ನಿಜ ಹೇಳಿದರೂ ನೋಯುವುದಿಲ್ಲ. ಎರಡನೆಯ ವಾಕ್ಯವನ್ನು ‘ಆದರೆ’ ಎಂದು ಆರಂಭಿಸಬೇಡಿ; ಮೊದಲಿನ ಮೆಚ್ಚುಗೆ ಬರಿಯ ಪೀಠಿಕೆಯಂತೆ ಕಾಣುತ್ತದೆ. ಬರೆದ ಮೇಲೆ ಹೆಸರು ಮುಚ್ಚಿ ಓದಿ. ಯಾರ ಷರಾ ಎಂದು ನಿಮಗೇ ಗೊತ್ತಾಗದಿದ್ದರೆ ಇನ್ನೊಮ್ಮೆ ಬರೆಯಬೇಕು. ಗದ್ದಲ ಮಾಡದ, ಕೈ ಎತ್ತದ, ನಡು ಅಂಕದ ಮಕ್ಕಳ ಬಗ್ಗೆ ಈ ಉಪಾಯ ಕೈಕೊಡುತ್ತದೆ, ಏಕೆಂದರೆ ಬರೆಯಲು ನಾವು ಏನನ್ನೂ ಗಮನಿಸಿರುವುದಿಲ್ಲ. ಅಂಥವರ ಪಟ್ಟಿ ಅವಧಿಯ ನಡುವೆಯೇ ಮಾಡಿಕೊಂಡು, ಪುಸ್ತಕ ತಿದ್ದುವಾಗ ದಿನಾಂಕದೊಂದಿಗೆ ಒಂದೊಂದು ಸಾಲು ಗುರುತು ಹಾಕಿಕೊಳ್ಳಿ. ಓದಲು ಬಾರದಿರುವುದು, ಪದೇ ಪದೇ ಗೈರುಹಾಜರಿಯಂಥ ಗಂಭೀರ ವಿಷಯಗಳನ್ನು ಪೋಷಕರಿಗೆ ಮೊದಲು ಮುಖತಃ ತಿಳಿಸಿ. ಅವು ಮೊದಲ ಬಾರಿಗೆ ಷರಾದಲ್ಲಿ ಕಾಣಿಸಿದರೆ ಪೆಟ್ಟು ಬೀಳುವುದು ಮಗುವಿಗೆ.